‘ಲಿಂಕ್ ಒತ್ತಬೇಡಿ, ಗಾಬರಿಯೂ ಬೇಡ’: ಗುಂಪಿಗೆ ಎಚ್ಚರಿಕೆ ಬರೆಯುವ ಬಗೆ

ಧರ್ಮಪುರಿ: ಮದುವೆ ಕರೆಯೋಲೆ, ದೇವಸ್ಥಾನದ ಹಬ್ಬದ ವಂತಿಗೆ, ನೆಂಟರ ಸಾವಿನ ಸುದ್ದಿ ಇಷ್ಟಕ್ಕೇ ಇದ್ದ ವಾಟ್ಸ್‌ಆ್ಯಪ್ ಗುಂಪಿನ ಹೆಸರು ಒಂದು ಸಂಜೆ ದಿಢೀರನೆ ಬ್ಯಾಂಕಿನ ಹೆಸರಾಗಿ ಬದಲಾಗುತ್ತದೆ. ಗುಂಪಿನ ಚಿತ್ರವಿದ್ದ ಜಾಗದಲ್ಲಿ ಬ್ಯಾಂಕಿನ ಗುರುತು ಬಂದು ಕೂರುತ್ತದೆ. ಅದರ ಬೆನ್ನಿಗೇ ನಮ್ಮವರೇ ಒಬ್ಬರ ನಂಬರಿನಿಂದ ಸಂದೇಶ ಬೀಳುತ್ತದೆ. ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಕೆಳಗಿನ ಆ್ಯಪ್ ಹಾಕಿಕೊಂಡರೆ ಹಣ ಖಾತೆಗೆ ಬರುತ್ತದೆ ಅಂತ.

ಇದು ಕಟ್ಟುಕತೆಯಲ್ಲ. 2024ರಲ್ಲಿ ತಮಿಳುನಾಡು ಪೊಲೀಸ್ ಇಲಾಖೆಯ ಸೈಬರ್ ಅಪರಾಧ ವಿಭಾಗವು ಇದೇ ಬಗೆಯ ವಂಚನೆ ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತ್ತು. ಯಾರದೋ ವಾಟ್ಸ್‌ಆ್ಯಪ್ ಖಾತೆಯನ್ನು ವಶ ಮಾಡಿಕೊಂಡು, ಆ ವ್ಯಕ್ತಿ ಇರುವ ಗುಂಪುಗಳ ಹೆಸರು ಮತ್ತು ಚಿತ್ರವನ್ನು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ್ದೆಂದು ಬದಲಿಸಿ, ರಿವಾರ್ಡ್ ಪಾಯಿಂಟ್ ನೆಪದಲ್ಲಿ ಆ್ಯಪ್ ಹಂಚುವುದು ವಂಚಕರ ದಾರಿಯಾಗಿತ್ತು. ಅದೇ ವರ್ಷ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯ ಸತ್ಯಶೋಧನಾ ವಿಭಾಗವೂ ಇಂಥ ಒಂದು ಸಂದೇಶವನ್ನು ನಕಲಿ ಎಂದು ಘೋಷಿಸಿತು. ವಾಟ್ಸ್‌ಆ್ಯಪ್ ಅಥವಾ ಎಸ್ಸೆಮ್ಮೆಸ್ ಮೂಲಕ ಸ್ಟೇಟ್ ಬ್ಯಾಂಕ್ ಲಿಂಕನ್ನಾಗಲಿ, ಆ್ಯಪ್ ಫೈಲನ್ನಾಗಲಿ ಕಳಿಸುವುದಿಲ್ಲ ಎಂದು ಅದು ಸ್ಪಷ್ಟಪಡಿಸಿತ್ತು.

ಪೊಲೀಸರ ಪ್ರಕಟಣೆ ಪತ್ರಿಕೆಗೆ ಬರುವ ಹೊತ್ತಿಗೆ ಗುಂಪಿನಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ಸಂದೇಶ ಬಿದ್ದ ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಗುಂಪಿನಲ್ಲೇ ಇರುವ ಯಾರಾದರೂ ನಾಲ್ಕು ಸಾಲು ಬರೆಯಬೇಕು. ಆ ನಾಲ್ಕು ಸಾಲು ಹೇಗಿರಬೇಕು ಎಂಬುದೇ ಇಲ್ಲಿನ ವಿಷಯ. ಯಾಕೆಂದರೆ ತಪ್ಪಾಗಿ ಬರೆದ ಎಚ್ಚರಿಕೆ ಮೂಲ ಸಂದೇಶದಷ್ಟೇ ಹಾನಿ ಮಾಡಬಲ್ಲದು.

ಆ ಫೈಲು ಮಾಡುವ ಕೆಲಸ

ಎಚ್ಚರಿಕೆ ಬರೆಯುವವರಿಗೆ ಮೊದಲು ವಂಚನೆಯ ಒಳಗುಟ್ಟು ಗೊತ್ತಿರಬೇಕು. ಆ ಸಂದೇಶದ ಜೊತೆ ಬರುವುದು .apk ಎಂದು ಕೊನೆಯಾಗುವ ಫೈಲು. ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಟ್ಟು ಅದು. ಪ್ಲೇ ಸ್ಟೋರಿನಿಂದ ಬರುವ ಆ್ಯಪ್‌ಗಳೂ ಇದೇ ಜಾತಿಯವೇ. ಆದರೆ ಅಲ್ಲಿ ಒಂದಿಷ್ಟು ತಪಾಸಣೆ ನಡೆದಿರುತ್ತದೆ, ಇಲ್ಲಿ ಅದು ಇಲ್ಲ. ಫೈಲು ಒತ್ತಿದಾಗ ‘ಗೊತ್ತಿಲ್ಲದ ಮೂಲದ ಆ್ಯಪ್, ಹಾಕಬೇಕೇ?’ ಎಂದು ಫೋನೇ ಕೇಳುತ್ತದೆ. ಒಪ್ಪಿದರೆ ಆ್ಯಪ್ ಕೂರುತ್ತದೆ. ಆಮೇಲೆ ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೂ ಒಪ್ಪಿದರೆ ಮುಗಿಯಿತು. ಮುಂದೆ ಫೋನಿಗೆ ಬರುವ ಪ್ರತಿ ಓಟಿಪಿ ವಂಚಕನ ಕೈಗೂ ಹೋಗುತ್ತದೆ. ಬ್ಯಾಂಕಿನಂತೆಯೇ ಕಾಣುವ ಒಂದು ಪುಟ ತೋರಿಸಿ ಬಳಕೆದಾರನ ಹೆಸರು, ಪಾಸ್‌ವರ್ಡ್, ಕಾರ್ಡ್ ಸಂಖ್ಯೆಯನ್ನೂ ಅದು ಬರೆಸಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಈ ವಂಚನೆಯಲ್ಲಿ ಯಾರೂ ಫೋನ್ ಮಾಡಿ ‘ಓಟಿಪಿ ಹೇಳಿ’ ಅನ್ನುವುದಿಲ್ಲ. ವರ್ಷಗಳಿಂದ ಎಲ್ಲರೂ ಕೇಳಿಸಿಕೊಂಡ ಬುದ್ಧಿಮಾತು ‘ಓಟಿಪಿ ಯಾರಿಗೂ ಹೇಳಬೇಡಿ’ ಎಂಬುದು. ಅದನ್ನು ಚಾಚೂ ತಪ್ಪದೆ ಪಾಲಿಸಿದವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ‘ನಾನು ಯಾರಿಗೂ ಏನೂ ಹೇಳಲೇ ಇಲ್ಲ, ದುಡ್ಡು ಹೆಂಗೆ ಹೋಯ್ತು’ ಎಂದು ಅವರು ಕೇಳುವುದರಲ್ಲಿ ಸುಳ್ಳಿಲ್ಲ. ಹಾಗಾಗಿ ಗುಂಪಿಗೆ ಹಳೆಯ ವಾಕ್ಯವನ್ನೇ ಮತ್ತೆ ಹಾಕಿದರೆ ಉಪಯೋಗವಿಲ್ಲ. ಓದಿದವರು ‘ನಾನು ಓಟಿಪಿ ಹೇಳಿಲ್ಲವಲ್ಲ, ನನಗೇನೂ ಆಗಲ್ಲ’ ಅಂತ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಹೇಳಬೇಕಾದ ಮಾತು ‘ಫೈಲು ಒತ್ತಬೇಡಿ, ಆ್ಯಪ್ ಹಾಕಬೇಡಿ’ ಎಂಬುದು.

ಇದೇ ಆ್ಯಪ್ ವಾಟ್ಸ್‌ಆ್ಯಪ್‌ನ ಆರು ಅಂಕಿಯ ಗುಪ್ತಸಂಖ್ಯೆಯನ್ನೂ ಓದಬಲ್ಲದು. ಹೊಸ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆಯುವಾಗ ಹಳೆಯ ನಂಬರಿಗೆ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದಲ್ಲ, ಅದೇ. ಅದು ಸಿಕ್ಕರೆ ವಂಚಕ ತನ್ನ ಫೋನಿನಲ್ಲಿ ನಮ್ಮ ನೆಂಟರ ವಾಟ್ಸ್‌ಆ್ಯಪ್ ತೆರೆಯುತ್ತಾನೆ. ಅವರು ಇರುವ ಗುಂಪುಗಳಿಗೆಲ್ಲ ಅದೇ ಫೈಲು ಹಂಚುತ್ತಾನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಇದು ಹಬ್ಬುವುದು ಹೀಗೆ. ಪರಿಚಿತರ ನಂಬರಿನಿಂದ ಬಂದಿದೆ ಎಂಬುದೇ ನಂಬಿಕೆಗೆ ಕಾರಣವಾಗುತ್ತದೆ.

ಇನ್ನು ಗಾಳಕ್ಕೆ ಸಿಕ್ಕಿಸಿದ ಹುಳುವಿನ ಮಾತು. 2024ರಲ್ಲಿ ಓಡಾಡಿದ ಸಂದೇಶದಲ್ಲಿ 9,980 ರೂಪಾಯಿ ಬೆಲೆಯ ಪಾಯಿಂಟ್ ಇವತ್ತೇ ಮುಗಿಯುತ್ತದೆ ಎಂದಿತ್ತು. ಸ್ಟೇಟ್ ಬ್ಯಾಂಕಿಗೆ ರಿವಾರ್ಡ್ ಪಾಯಿಂಟ್ ಎಂಬ ವ್ಯವಸ್ಥೆ ನಿಜವಾಗಿಯೂ ಇದೆ. ಅದಕ್ಕೇ ಸಂದೇಶ ನಂಬಿಕೆ ಹುಟ್ಟಿಸುತ್ತದೆ. ಆದರೆ ಬ್ಯಾಂಕ್ ಪ್ರಕಟಿಸಿದ್ದ ಲೆಕ್ಕದಲ್ಲಿ ಒಂದು ಪಾಯಿಂಟ್‌ಗೆ 25 ಪೈಸೆ. 9,980 ರೂಪಾಯಿ ಆಗಬೇಕಾದರೆ 39,920 ಪಾಯಿಂಟ್ ಇರಬೇಕು. ತಿಂಗಳಿಗೆ ಎರಡು ಸಲ ಎಟಿಎಂಗೆ ಹೋಗಿ ದುಡ್ಡು ತೆಗೆಯುವ ಮಗ್ಗದ ಮನೆಯವರ ಕಾರ್ಡಿನಲ್ಲಿ ಅಷ್ಟು ಪಾಯಿಂಟ್ ಸೇರಲು ದಾರಿಯೇ ಇಲ್ಲ. ಎಲ್ಲರಿಗೂ ಒಂದೇ ಮೊತ್ತ ಬಂದಿರುವುದು ಇನ್ನೊಂದು ಸುಳಿವು. ಬ್ಯಾಂಕು ಕುಟುಂಬದ ಗುಂಪಿನೊಳಗೆ ಬಂದು ಒಬ್ಬೊಬ್ಬರ ಲೆಕ್ಕ ಹೇಳುವ ಪದ್ಧತಿಯಂತೂ ಎಲ್ಲೂ ಇಲ್ಲ.

ಗಾಬರಿ ಹುಟ್ಟಿಸುವ ಎಚ್ಚರಿಕೆ

ಇಂಥ ಹೊತ್ತಿನಲ್ಲಿ ಗುಂಪುಗಳಲ್ಲಿ ಸಾಮಾನ್ಯವಾಗಿ ಬೀಳುವ ಎಚ್ಚರಿಕೆ ಈ ಧಾಟಿಯಲ್ಲಿರುತ್ತದೆ: ‘ಎಚ್ಚರ! ಎಚ್ಚರ! ಮೆಸೇಜ್ ತೆರೆದರೆ ಸಾಕು ನಿಮ್ಮ ಅಕೌಂಟ್ ಖಾಲಿ. ಯಾರ ದುಡ್ಡೂ ಸೇಫ್ ಅಲ್ಲ. ಕೂಡಲೇ ಎಲ್ಲ ಗುಂಪಿಗೂ ಕಳಿಸಿ.’ ಕೆಳಗೆ ಕೆಂಪು ಗುರುತುಗಳ ಸಾಲು.

ಬರೆದವರ ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಬೇರೆ. ಸಂದೇಶ ತೆರೆದು ಓದಿದ ಮಾತ್ರಕ್ಕೆ ಈ ವಂಚನೆಯಲ್ಲಿ ಹಣ ಹೋಗುವುದಿಲ್ಲ. ಫೈಲು ಇಳಿಸಿ, ಆ್ಯಪ್ ಹಾಕಿ, ಅನುಮತಿ ಕೊಟ್ಟರೆ ಮಾತ್ರ ಅಪಾಯ. ಆದರೆ ಗುಂಪಿನ ನೂರು ಮಂದಿಯಲ್ಲಿ ಹೆಚ್ಚಿನವರು ಸಂದೇಶವನ್ನು ಆಗಲೇ ಓದಿಬಿಟ್ಟಿರುತ್ತಾರೆ. ‘ತೆರೆದರೆ ಸಾಕು ಖಾಲಿ’ ಎಂಬ ಮಾತು ಅವರೆಲ್ಲರ ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಒಬ್ಬರು ಎಟಿಎಂಗೆ ಓಡುತ್ತಾರೆ. ಇನ್ನೊಬ್ಬರು ಗಾಬರಿಯಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ವಂಚಕರೇ ಹಾಕಿಟ್ಟ ನಕಲಿ ನಂಬರುಗಳೂ ಇರುತ್ತವೆ. ಒಂದು ಬಲೆಯಿಂದ ತಪ್ಪಿಸಿಕೊಂಡವರು ಹೀಗೆ ಇನ್ನೊಂದಕ್ಕೆ ಬೀಳುತ್ತಾರೆ.

ಮತ್ತೊಂದು ತೊಂದರೆ, ‘ಇದನ್ನು ನೋಡಿ, ಮೋಸ’ ಎಂದು ಹೇಳುತ್ತಾ ಅದೇ ಫೈಲನ್ನು ಬೇರೆ ಗುಂಪುಗಳಿಗೆ ಫಾರ್ವರ್ಡ್ ಮಾಡುವುದು. ಎಚ್ಚರಿಕೆಯ ಸಾಲು ಮೇಲೆ ಹೋಗುತ್ತದೆ, ಫೈಲು ಮಾತ್ರ ಅಲ್ಲೇ ಉಳಿಯುತ್ತದೆ. ಆಮೇಲೆ ಬಂದು ನೋಡಿದ ಅಜ್ಜಿಗೆ ಕಾಣುವುದು ಫೈಲೇ. ತೋರಿಸಲೇಬೇಕಾದರೆ ಸ್ಕ್ರೀನಿನ ಚಿತ್ರ ತೆಗೆದು, ಅದರ ಮೇಲೆ ‘ನಕಲಿ’ ಅಂತ ದಪ್ಪಗೆ ಬರೆದು ಹಾಕಿದರೆ ಸಾಕು.

ಮೂರನೆಯದು ಮಾನದ ಪ್ರಶ್ನೆ. ‘ಇವರ ನಂಬರಿನಿಂದ ಬಂದಿದೆ, ಇವರನ್ನು ನಂಬಬೇಡಿ’ ಎಂದು ಹೆಸರು ಹಿಡಿದು ಬರೆದರೆ ಆ ಮನೆಯವರು ತಲೆ ತಗ್ಗಿಸುತ್ತಾರೆ. ಫೋನು ಕಳೆದುಕೊಂಡವರೂ ಅವರೇ, ಬೈಸಿಕೊಳ್ಳುವವರೂ ಅವರೇ. ಇದನ್ನು ನೋಡಿದ ಎರಡನೆಯವರು, ತಾವೂ ಫೈಲು ಒತ್ತಿದ್ದರೆ, ಬಾಯಿ ಬಿಡುವುದಿಲ್ಲ. ಈ ವಂಚನೆಯಲ್ಲಿ ಬಾಯಿ ಬಿಡದೆ ಕಳೆದ ಒಂದೊಂದು ಗಂಟೆಯೂ ನಷ್ಟವೇ.

ಒಂದು ಉದಾಹರಣೆ

ಒಂದು ಗುಂಪನ್ನು ಊಹಿಸಿಕೊಳ್ಳೋಣ. ಸೇಲಂ ಸುತ್ತಿನ ನೇಕಾರ ಮನೆಗಳು, ಪಾಲಕ್ಕೋಡು ಮತ್ತು ಪೆನ್ನಾಗರಂ ಕಡೆಯ ನೆಂಟರು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಎಲ್ಲ ಸೇರಿ ನೂರ ಇಪ್ಪತ್ತು ಮಂದಿ. ಸಂಜೆ 7.40ಕ್ಕೆ ಗುಂಪಿನ ಹಿರಿಯ ಮಾವ ಒಬ್ಬರ ನಂಬರಿನಿಂದ ಫೈಲು ಬೀಳುತ್ತದೆ. ಬೆಂಗಳೂರಿನಲ್ಲಿರುವ ಸೊಸೆ ನೋಡುತ್ತಾಳೆ. ಆಕೆ ಮೊದಲು ಮಾಡಬೇಕಾದ್ದು ಬರೆಯುವುದಲ್ಲ, ಮಾವನಿಗೆ ಮಾಮೂಲಿ ಫೋನ್ ಕರೆ ಮಾಡುವುದು. ವಾಟ್ಸ್‌ಆ್ಯಪ್ ಕರೆ ಮಾಡಿದರೆ ಅದು ವಂಚಕನ ಫೋನಿಗೆ ಹೋಗಬಹುದು.

‘ಮಾವ, ಗುಂಪಿಗೆ ಬ್ಯಾಂಕ್ ಮೆಸೇಜ್ ನೀವು ಹಾಕಿದ್ರಾ?’

‘ಇಲ್ಲಮ್ಮ, ಮಧ್ಯಾಹ್ನದಿಂದ ನನ್ನ ವಾಟ್ಸ್‌ಆ್ಯಪ್ಪೇ ತೆರೀತಿಲ್ಲ.’

ಇಷ್ಟು ಗೊತ್ತಾದರೆ ಸಾಕು. ಗುಂಪಿನ ಅಡ್ಮಿನ್ ಆಗಿರುವ ಇನ್ನೊಬ್ಬರಿಗೆ ತಿಳಿಸಿ ಮಾವನ ನಂಬರನ್ನು ಸದ್ಯಕ್ಕೆ ಗುಂಪಿನಿಂದ ತೆಗೆಸಬೇಕು. ಫೈಲಿರುವ ಸಂದೇಶದ ಚಿತ್ರ ತೆಗೆದಿಟ್ಟುಕೊಂಡ ಮೇಲೆ ಅದನ್ನು ‘ಎಲ್ಲರಿಗೂ ಅಳಿಸು’ ಮಾಡಿಸಬೇಕು. ಬೇರೆಯವರು ಹಾಕಿದ ಸಂದೇಶವನ್ನು ಅಡ್ಮಿನ್ ಅಳಿಸುವ ಸೌಲಭ್ಯ 2022ರಿಂದ ಇದೆ. ಅಳಿಸಿದ ಮೇಲೂ ಕೆಲವರ ಫೋನಿನಲ್ಲಿ ಫೈಲು ಇಳಿದಿರಬಹುದು. ಹಾಗಾಗಿ ಎಚ್ಚರಿಕೆ ಬರೆಯುವುದು ತಪ್ಪುವುದಿಲ್ಲ. ಅದು ಹೀಗಿರಬಹುದು:

‘ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 7.40ಕ್ಕೆ ನಮ್ಮ ಗುಂಪಿಗೆ ಸ್ಟೇಟ್ ಬ್ಯಾಂಕ್ ರಿವಾರ್ಡ್ ಅಂತ ಒಂದು ಫೈಲು ಬಂದಿದೆ. ಅದು ಬ್ಯಾಂಕಿನದಲ್ಲ, ನಕಲಿ. ಅದು ಬಂದ ನಂಬರು ನಮ್ಮವರದೇ, ಆದರೆ ಕಳಿಸಿದ್ದು ಅವರಲ್ಲ. ಅವರ ಜೊತೆ ಫೋನಿನಲ್ಲಿ ಮಾತಾಡಿ ಖಚಿತ ಮಾಡಿಕೊಂಡಿದ್ದೇನೆ.

ಸುಮ್ಮನೆ ಓದಿದವರಿಗೆ ಏನೂ ತೊಂದರೆ ಇಲ್ಲ. ಫೈಲು ಫೋನಿಗೆ ಇಳಿದಿದ್ದರೂ ತೆರೆಯದೆ ಅಳಿಸಿಬಿಡಿ, ಸಾಕು.

ಯಾರಾದರೂ ಆ್ಯಪ್ ಹಾಕಿಕೊಂಡಿದ್ದರೆ ಫೋನಿನ ಇಂಟರ್ನೆಟ್ ಮತ್ತು ವೈಫೈ ಈಗಲೇ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮನೆಯ ಇನ್ನೊಂದು ಫೋನಿನಿಂದ ನನಗೋ ಗುಂಪಿನ ಅಡ್ಮಿನ್‌ಗೋ ಕರೆ ಮಾಡಿ. ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ. ಯಾರೂ ಬೈಯೋದಿಲ್ಲ.

ದುಡ್ಡು ಹೋಗಿದ್ದರೆ ಮೊದಲು 1930ಕ್ಕೆ, ಆಮೇಲೆ ಕಾರ್ಡಿನ ಹಿಂದೆ ಇರುವ ಬ್ಯಾಂಕ್ ನಂಬರಿಗೆ ಕರೆ ಮಾಡಿ.

ಆ ಫೈಲನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ನಾಳೆ ಬೆಳಿಗ್ಗೆ 9 ಗಂಟೆಗೆ ಏನಾಯ್ತು ಅಂತ ಇಲ್ಲೇ ತಿಳಿಸುತ್ತೇನೆ.’

ಇದರಲ್ಲಿ ಒಂದೂ ಆಶ್ಚರ್ಯಸೂಚಕ ಇಲ್ಲ. ಬಂದ ಸಮಯ ಇದೆ, ಯಾವ ಸಂದೇಶ ಎಂಬುದು ಸ್ಪಷ್ಟವಿದೆ. ಸಮಯ ಹಾಕದ ಎಚ್ಚರಿಕೆಗಳು ಮೂರು ವರ್ಷ ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇರುತ್ತವೆ, ಪ್ರತಿ ಸಲವೂ ಹೊಸ ಗಾಬರಿ ಹುಟ್ಟಿಸುತ್ತವೆ. ಖಚಿತ ಮಾಡಿಕೊಂಡದ್ದು ಹೇಗೆ ಅಂತಲೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ‘ಓದಿದವರಿಗೆ ತೊಂದರೆ ಇಲ್ಲ’ ಎಂಬ ಸಾಲು ಮೇಲೆಯೇ ಬರುತ್ತದೆ. ನೂರ ಇಪ್ಪತ್ತರಲ್ಲಿ ಬಹುಪಾಲು ಮಂದಿ ಅಲ್ಲಿಗೇ ನಿರಾಳವಾಗುತ್ತಾರೆ. ಉಳಿದ ಒಬ್ಬಿಬ್ಬರಿಗೆ ತಮ್ಮ ಕೆಲಸವೇನು ಅಂತ ಗದ್ದಲವಿಲ್ಲದೆ ಗೊತ್ತಾಗುತ್ತದೆ.

‘ಬೆಳಿಗ್ಗೆ 9 ಗಂಟೆಗೆ ತಿಳಿಸುತ್ತೇನೆ’ ಎಂಬ ಸಾಲನ್ನು ಬಿಡುವವರೇ ಹೆಚ್ಚು. ಅದು ಇದ್ದರೆ ರಾತ್ರಿಯಿಡೀ ‘ಏನಾಯ್ತು, ಏನಾಯ್ತು’ ಎಂಬ ಪ್ರಶ್ನೆಗಳು ಬೀಳುವುದು ಕಡಿಮೆಯಾಗುತ್ತದೆ. ಹೇಳಿದ ಮೇಲೆ ತಿಳಿಸಲೇಬೇಕು ಅನ್ನಿ.

ಮಾತು ಕನ್ನಡ, ಓದು ತಮಿಳು

ಈ ಎರಡು ಜಿಲ್ಲೆಗಳ ಕನ್ನಡ ಮನೆಗಳಿಗೆ ಒಂದು ವಿಶೇಷ ತೊಡಕಿದೆ. ಮನೆಮಾತು ಕನ್ನಡ, ಶಾಲೆ ತಮಿಳಿನಲ್ಲಿ. ಸೇಲಂ ಕಡೆಯ ದೇವಾಂಗ ನೇಕಾರ ಮನೆಗಳಲ್ಲಿ ಸರಾಗವಾಗಿ ಕನ್ನಡ ಮಾತಾಡುವ, ಕನ್ನಡ ಅಕ್ಷರ ಓದಲು ಬಾರದ ಹಿರಿಯರೂ ಕಿರಿಯರೂ ಇದ್ದಾರೆ. ಬೆಂಗಳೂರಿನ ಸೊಸೆ ಕನ್ನಡ ಲಿಪಿಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಬರೆದರೂ ಅವರ ಪಾಲಿಗೆ ಅದು ಬರೀ ಗೆರೆ. ವಂಚಕರ ಸಂದೇಶವೂ ಇಂಗ್ಲಿಷಿನಲ್ಲಿರುತ್ತದೆ. ಓದಲು ಬಾರದವರು ಬ್ಯಾಂಕಿನ ಗುರುತು ನೋಡಿ ಒತ್ತುತ್ತಾರೆ.

ಇದಕ್ಕೆ ಪರಿಹಾರ ದನಿಯ ಸಂದೇಶ. ಬರೆದದ್ದನ್ನೇ ಮನೆಮಾತಿನಲ್ಲಿ ಮುಕ್ಕಾಲು ನಿಮಿಷದೊಳಗೆ ಹೇಳಿ ಗುಂಪಿಗೆ ಹಾಕಬೇಕು: ‘ಅತ್ತೆ, ಮಾವ, ಎಲ್ಲಾರೂ ಕೇಳ್ಕೊಳ್ಳಿ. ಬ್ಯಾಂಕ್ ಹೆಸರಲ್ಲಿ ಬಂದಿರೋ ಫೈಲು ಸುಳ್ಳು. ಅದನ್ನ ಮುಟ್ಟಬೇಡಿ. ನೋಡಿದ್ರೆ ಏನೂ ಆಗಲ್ಲ, ಹೆದ್ರಬೇಡಿ. ಒತ್ತಿ ಆ್ಯಪ್ ಹಾಕ್ಕೊಂಡಿದ್ರೆ ಮಾತ್ರ ನಂಗೆ ಫೋನ್ ಮಾಡಿ.’ ಪರಿಚಿತ ದನಿಗೆ ಬರಹಕ್ಕಿಲ್ಲದ ಒಂದು ಗುಣವಿದೆ. ಹೇಳುವವರು ಆತಂಕಗೊಂಡಿಲ್ಲ ಎಂಬುದು ಕೇಳುವವರಿಗೆ ತಿಳಿಯುತ್ತದೆ. ಅವಸರದಲ್ಲಿ, ಏದುಸಿರಿನಲ್ಲಿ ಮಾತಾಡಿದರೆ ಅದೂ ತಿಳಿಯುತ್ತದೆ, ಆದ್ದರಿಂದ ನೀರು ಕುಡಿದು ಮಾತಾಡುವುದು ಒಳ್ಳೆಯದು.

ತಮಿಳು ಓದುವವರಿಗಾಗಿ ತಮಿಳು ಲಿಪಿಯಲ್ಲೂ ಒಂದೆರಡು ಸಾಲು ಹಾಕಿಸಿದರೆ ಗುಂಪಿಗೆ ಪೂರ್ತಿ ಮುಟ್ಟಿದಂತೆ. ‘ಇಂದ ಫೈಲೈ ತೊಡ ವೇಂಡಾಂ’ ಎಂಬಷ್ಟು ಸಾಕು. ಮೂರು ಕಡೆಯೂ ವಿಷಯ ಒಂದೇ ಇರಬೇಕು. ಕನ್ನಡದಲ್ಲಿ ‘ಓದಿದರೆ ತೊಂದರೆ ಇಲ್ಲ’ ಅಂತಿದ್ದು ತಮಿಳಿನಲ್ಲಿ ‘ತೆರೆಯಲೇಬೇಡಿ’ ಅಂತಾದರೆ ಮತ್ತೆ ಗೊಂದಲ.

ಆ್ಯಪ್ ಹಾಕಿಬಿಟ್ಟವರ ಮನೆಯಲ್ಲಿ

ಎಚ್ಚರಿಕೆ ನೋಡಿ ಒಬ್ಬರು ಫೋನ್ ಮಾಡಿದರು ಅಂತಿಟ್ಟುಕೊಳ್ಳೋಣ. ಪಾಲಕ್ಕೋಡಿನ ಚಿಕ್ಕಪ್ಪ. ಆ್ಯಪ್ ಹಾಕಿ ಇಪ್ಪತ್ತು ನಿಮಿಷ ಆಗಿದೆ, ದುಡ್ಡು ಇನ್ನೂ ಹೋಗಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಲು ಹೇಳುವುದು ಯಾಕೆಂದರೆ, ಹೊಸ ಓಟಿಪಿ ಆ ಫೋನಿಗೆ ಬರಬಾರದು, ಬಂದದ್ದು ಹೊರಗೆ ಹೋಗಬಾರದು. ಆಮೇಲೆ ಚಿಕ್ಕಮ್ಮನ ಫೋನಿನಿಂದ ಬ್ಯಾಂಕಿಗೆ ಕರೆ. ಸ್ಟೇಟ್ ಬ್ಯಾಂಕಿನದಾದರೆ 1800 1234, ಬೇರೆ ಬ್ಯಾಂಕಾದರೆ ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿರುವ ನಂಬರು. ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ತಡೆಹಿಡಿಯಲು ಕೇಳಬೇಕು. ದೂರಿನ ಸಂಖ್ಯೆ ಮತ್ತು ಸಮಯವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಆ ಕಾಗದಕ್ಕೆ ಬೆಲೆ ಇದೆ, ಅದು ಮುಂದೆ ಬರುತ್ತದೆ.

ಅಷ್ಟಾದ ಮೇಲೆ ಸಿಮ್ ತೆಗೆದು ಬೇರೆ ಫೋನಿಗೆ, ಇದ್ದರೆ ಹಳೆಯ ಬಟನ್ ಫೋನಿಗೆ, ಹಾಕುವುದು ಕ್ಷೇಮ. ಹಾಳಾದ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಹೊಸದಾಗಿ ಬಂದದ್ದನ್ನು ತೆಗೆಯಬೇಕು. ಕೆಲವು ಆ್ಯಪ್‌ಗಳು ತಮ್ಮ ಚಿತ್ರವನ್ನು ಮರೆಮಾಡಿಕೊಂಡಿರುತ್ತವೆ, ಆದರೆ ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಸಿಗುತ್ತವೆ. ತೆಗೆಯಲು ಬಿಡದೆ ಸತಾಯಿಸಿದರೆ ಅದಕ್ಕೆ ಫೋನಿನ ಆಡಳಿತದ ಅಧಿಕಾರ ಸಿಕ್ಕಿದೆ ಎಂದರ್ಥ. ಆಗ ಭದ್ರತಾ ಸೆಟ್ಟಿಂಗ್ಸ್‌ನಲ್ಲಿ ಆ ಅಧಿಕಾರ ಕಿತ್ತುಹಾಕಿ ಮತ್ತೆ ತೆಗೆಯಬೇಕು. ಆಗಲೂ ಸಂಶಯ ಉಳಿದರೆ ಫೋಟೋಗಳನ್ನು ಬೇರೆಡೆಗೆ ಇಳಿಸಿಕೊಂಡು ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡುವುದೇ ದಾರಿ. ಪಾಸ್‌ವರ್ಡ್, ಪಿನ್‌ಗಳನ್ನು ಬದಲಿಸುವುದು ಇನ್ನೊಂದು ಫೋನಿನಲ್ಲಿ. ಹಾಳಾದ ಫೋನಿನಲ್ಲೇ ಬದಲಿಸಿದರೆ ಹೊಸ ಪಾಸ್‌ವರ್ಡನ್ನೂ ವಂಚಕನ ಕೈಗೆ ಕೊಟ್ಟಂತೆ.

ಕರೆಗಳು ಬೇರೆ ನಂಬರಿಗೆ ಹೋಗುವಂತೆ ಮಾಡಿರುವ ಸಾಧ್ಯತೆಯೂ ಇದೆ. *#21# ಒತ್ತಿ ಕರೆ ಮಾಡಿದರೆ ಹಾಗೆ ತಿರುಗಿಸಿದ್ದು ಇದೆಯೇ ಎಂದು ಕಾಣುತ್ತದೆ. ##002# ಒತ್ತಿದರೆ ಅದು ರದ್ದಾಗುತ್ತದೆ.

ಮೊದಲ ಮಾವನ ವಾಟ್ಸ್‌ಆ್ಯಪ್ ವಾಪಸ್ ಪಡೆಯುವ ಕೆಲಸ ಇನ್ನೂ ಉಳಿದಿದೆ. ಅವರ ಫೋನಿನಿಂದ ನಕಲಿ ಆ್ಯಪ್ ತೆಗೆದ ಮೇಲೆ ವಾಟ್ಸ್‌ಆ್ಯಪ್ ತೆರೆದು ನಂಬರು ಹಾಕಿದರೆ ಆರು ಅಂಕಿ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಅದನ್ನು ಹಾಕಿದ ಕೂಡಲೇ ವಂಚಕ ಹೊರಬೀಳುತ್ತಾನೆ. ಅವನು ಎರಡನೇ ಪಿನ್ ಇಟ್ಟುಬಿಟ್ಟಿದ್ದರೆ ಮಾವನಿಗೆ ಖಾತೆ ತೆರೆಯಲು ಏಳು ದಿನ ಕಾಯಬೇಕಾಗುತ್ತದೆ. ಆದರೂ ವಂಚಕನಿಗೂ ಆ ಖಾತೆ ಸಿಗುವುದಿಲ್ಲ, ಅಷ್ಟು ಸಮಾಧಾನ. ಮೊದಲೇ ತಾವೇ ಆ ಪಿನ್ ಇಟ್ಟುಕೊಂಡವರ ಖಾತೆಯನ್ನು ಬರೀ ಎಸ್ಸೆಮ್ಮೆಸ್ ಕದ್ದು ವಶ ಮಾಡಿಕೊಳ್ಳಲು ಆಗುವುದಿಲ್ಲ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಟು ಸ್ಟೆಪ್ ವೆರಿಫಿಕೇಶನ್’ ಎಂದಿರುವುದು ಇದೇ.

ದುಡ್ಡು ಹೋಗಿದ್ದರೆ

1930 ದೇಶದ ಎಲ್ಲ ಕಡೆಗೂ ಇರುವ ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. 2021ರಲ್ಲಿ 155260 ಎಂಬ ನಂಬರಿನಿಂದ ಆರಂಭವಾದದ್ದು ಆಮೇಲೆ 1930 ಆಯಿತು. ಹಳೆಯ ಎಚ್ಚರಿಕೆಗಳಲ್ಲಿ ಇನ್ನೂ ಹಳೆಯ ನಂಬರೇ ಓಡಾಡುತ್ತದೆ, ಫಾರ್ವರ್ಡ್ ಮಾಡುವವರು ಇದನ್ನು ನೋಡಿಕೊಳ್ಳಬೇಕು. ಈ ನಂಬರಿಗೆ ಬಂದ ದೂರು ಹಣ ಹೋದ ಬ್ಯಾಂಕಿಗೂ, ಹಣ ಸೇರಿದ ಬ್ಯಾಂಕಿಗೂ ತಲುಪುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿ ಎಟಿಎಂನಲ್ಲಿ ತೆಗೆದುಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ. ಮೊದಲ ಗಂಟೆಯ ಮಾತು ಬರುವುದು ಇದಕ್ಕೇ.

ಕರೆ ಮಾಡುವ ಮೊದಲು ಖಾತೆ ಸಂಖ್ಯೆ, ಬ್ಯಾಂಕಿಗೆ ಜೋಡಿಸಿದ ಮೊಬೈಲ್ ನಂಬರು, ಹೋದ ಮೊತ್ತ, ಹೋದ ಸಮಯ, ವಹಿವಾಟಿನ ಸಂಖ್ಯೆ ಎದುರಿಗಿರಲಿ. ಯುಪಿಐ ಆಗಿದ್ದರೆ ಆ ಸಂಖ್ಯೆ 12 ಅಂಕಿಯದು. ಇವೆಲ್ಲ ಸಿಗದಿದ್ದರೂ ಕರೆ ನಿಲ್ಲಿಸಬಾರದು, ಇದ್ದಷ್ಟನ್ನು ಹೇಳಬಹುದು. ಕರೆಯ ನಂತರ ಸಿಗುವ ಸಂಖ್ಯೆ ಹಿಡಿದು cybercrime.gov.in ತಾಣದಲ್ಲಿ ದೂರನ್ನು ಪೂರ್ತಿ ಮಾಡಬೇಕು. ಮನೆಯಲ್ಲಿ ಅದು ಬರದಿದ್ದರೆ ಬೆಂಗಳೂರಿನ ಮಕ್ಕಳು ಅಲ್ಲಿಂದಲೇ ತುಂಬಿಕೊಡಬಹುದು. ಮೊದಲೇ ಚಿತ್ರ ತೆಗೆದಿಟ್ಟ ಸಂದೇಶ ಇಲ್ಲಿ ಸಾಕ್ಷಿಯಾಗುತ್ತದೆ.

ಕಾಗದದ ಮೇಲೆ ಬರೆದ ಸಮಯಕ್ಕೆ ಬೆಲೆ ಬರುವುದು ಈಗ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಗ್ರಾಹಕರ ಹೊಣೆ ಎಷ್ಟು ಎಂಬುದನ್ನು ವಿವರಿಸಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊಣೆ ಇಲ್ಲ. ಗ್ರಾಹಕರೇ ಗುಪ್ತ ವಿವರ ಕೊಟ್ಟುಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಆ್ಯಪ್ ಹಾಕಿ ಅನುಮತಿ ಕೊಟ್ಟವರದು ಯಾವ ಗುಂಪಿಗೆ ಸೇರುತ್ತದೆ ಎಂಬ ಬಗ್ಗೆ ಬ್ಯಾಂಕುಗಳ ಜೊತೆ ವಾದ ಬರುವುದುಂಟು. ವಾದ ಏನೇ ಇದ್ದರೂ 8.05ಕ್ಕೆ ತಿಳಿಸಿದ ದಾಖಲೆ ಇದ್ದರೆ, 8.30ಕ್ಕೆ ಹೋದ ದುಡ್ಡಿನ ಪ್ರಶ್ನೆ ಬೇರೆಯಾಗುತ್ತದೆ. ನಾಚಿಕೆಯಿಂದ ಮರುದಿನ ಹೇಳೋಣ ಎಂದು ಮಲಗಿದವರಿಗೆ ಆ ಅನುಕೂಲ ಇಲ್ಲ. ಗುಂಪಿನ ಎಚ್ಚರಿಕೆಯಲ್ಲಿ ‘ಯಾರೂ ಬೈಯೋದಿಲ್ಲ’ ಎಂಬ ಸಾಲು ಇರುವುದು ಮರ್ಯಾದೆಗೆ ಮಾತ್ರವಲ್ಲ, ದುಡ್ಡಿನ ಲೆಕ್ಕಕ್ಕೂ ಹೌದು.

ಮರುದಿನ ಬೆಳಿಗ್ಗೆ

9 ಗಂಟೆಗೆ ಹಾಕುವ ಸಂದೇಶ ಚಿಕ್ಕದಿರಲಿ: ‘ನಿನ್ನೆಯ ಫೈಲು ಗುಂಪಿನಿಂದ ಅಳಿಸಲಾಗಿದೆ. ಆ್ಯಪ್ ಹಾಕಿಕೊಂಡವರೊಬ್ಬರು ಸಮಯಕ್ಕೆ ತಿಳಿಸಿದರು, ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಲಾಗಿದೆ. ನಂಬರು ವಶವಾಗಿದ್ದವರು ವಾಪಸ್ ಸೇರುವಾಗ ಅಡ್ಮಿನ್ ತಿಳಿಸುತ್ತಾರೆ. ಅಲ್ಲಿಯವರೆಗೆ ಅವರ ವಾಟ್ಸ್‌ಆ್ಯಪ್ ನಂಬರಿನಿಂದ ದುಡ್ಡು ಕೇಳಿ ಮೆಸೇಜ್ ಬಂದರೆ ಕೊಡಬೇಡಿ, ಮಾಮೂಲಿ ಫೋನ್ ಮಾಡಿ ಕೇಳಿ.’ ಹೆಸರುಗಳು ಇಲ್ಲಿಯೂ ಬೇಡ. ನೆಂಟರಲ್ಲಿ ಯಾರು ಅಂತ ಹೇಗೂ ಗೊತ್ತಾಗಿರುತ್ತದೆ, ಅದು ಬರಹದಲ್ಲಿ ಉಳಿಯಬೇಕಾಗಿಲ್ಲ.

ಅದೇ ಹೊತ್ತಿನಲ್ಲಿ ಅಡ್ಮಿನ್ ಗುಂಪಿನ ಸೆಟ್ಟಿಂಗ್ಸ್ ತೆರೆದು, ಗುಂಪಿನ ಹೆಸರು ಮತ್ತು ಚಿತ್ರ ಬದಲಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರುವಂತೆ ಮಾಡಿಡಬಹುದು. ಅರ್ಧ ನಿಮಿಷದ ಕೆಲಸ. ಅದಾದರೆ ಸಾಮಾನ್ಯ ಸದಸ್ಯರ ಖಾತೆ ಯಾರ ಕೈಗೆ ಸಿಕ್ಕಿದರೂ ಮದುವೆಮನೆಯ ಗುಂಪು ಬ್ಯಾಂಕಾಗಿ ಬದಲಾಗುವುದಿಲ್ಲ. ಅಡ್ಮಿನ್‌ಗಳ ಸಂಖ್ಯೆಯೂ ಎರಡು ಮೂರಕ್ಕೆ ಇರಲಿ. ಒಬ್ಬರೇ ಇದ್ದು ಅವರ ಖಾತೆಯೇ ವಶವಾದರೆ ಅವರನ್ನು ತೆಗೆಯಲು ಯಾರೂ ಇರುವುದಿಲ್ಲ. ಇಪ್ಪತ್ತು ಮಂದಿ ಇದ್ದರೆ ವಂಚಕನಿಗೆ ಬಾಗಿಲುಗಳೂ ಇಪ್ಪತ್ತು.